ಊಟದ ಹೊತ್ತಿನ ಫೋನು

ತಟ್ಟೆ ಮುಂದೆ ಕೂತವರಿಗೆ ‘ಯಾವಾಗ ನೋಡಿದ್ರೂ ಫೋನೇ’ ಅಂದರೆ ಅಲ್ಲಿಗೆ ಊಟ ಮುಗಿದು ವಿಚಾರಣೆ ಶುರು. ‘ಆಫೀಸ್ ಮೆಸೇಜು’, ‘ನಿನ್ನೆ ನೀನು ನೋಡ್ತಿರ್ಲಿಲ್ವಾ?’ ಅಂತ ವಾದಿಸದೆ ಅವರಿಗೆ ಬೇರೆ ದಾರಿಯೇ ಇರಲ್ಲ. ಕೇಳೋ ಹೊತ್ತು ಅದಲ್ಲ. ಸಂಜೆ ಕಾಫಿ ಕುಡಿಯುವಾಗ, ಅವರ ಕೈ ಖಾಲಿ ಇದ್ದಾಗ ಕೇಳಿ: ‘ರೀ, ರಾತ್ರಿ ಊಟಕ್ಕೆ ಕೂತಾಗ 20 ನಿಮಿಷ ಇಬ್ಬರ ಫೋನೂ ಫ್ರಿಜ್ ಮೇಲಿಡೋಣ್ವಾ? ಮಾತಾಡ್ತಾ ಉಣ್ಣೋಕೆ ನಂಗಿಷ್ಟ.’ ಇದರಲ್ಲಿ ಜಾಗ ಇದೆ, ಹೊತ್ತಿದೆ, ‘ಇಬ್ಬರ’ ಅನ್ನೋದಿದೆ. ‘ನನ್ನ ಕಡೆ ಗಮನವೇ ಇಲ್ಲ’ ಅನ್ನೋದು ಮಾತ್ರ ಇಲ್ಲ.

‘ಊರಿಂದ ಅಮ್ಮ ಫೋನ್ ಮಾಡಿದ್ರೆ?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ನ್ಯಾಯವಾದದ್ದೇ. ‘ಡು ನಾಟ್ ಡಿಸ್ಟರ್ಬ್’ ಹಾಕಿ, ಅಮ್ಮನ ನಂಬರಿಗೆ ವಿನಾಯಿತಿ ಕೊಡಿ. ಕರೆ ಮಾಡಿದವರೇ ಇನ್ನೊಂದು ಸಲ ಮಾಡಿದರೆ ರಿಂಗ್ ಆಗೋ ಆಯ್ಕೆಯೂ ಅಲ್ಲೇ ಇದೆ. ಐಫೋನಿನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ 15 ನಿಮಿಷದೊಳಗೆ. ಆನ್ ಇದೆಯಾ ಅಂತ ಇಬ್ಬರೂ ಒಮ್ಮೆ ನೋಡಿಕೊಳ್ಳಿ. ಮೇಜಿನ ಮೇಲೆ ಮಗುಚಿಟ್ಟರೆ ಸಾಲದು, ಒಂದು ಸಲ ಗುರ್ ಅಂದರೆ ಕೈ ತಾನಾಗೇ ಹೋಗುತ್ತೆ.

ಮರೆತು ಎತ್ತಿಕೊಂಡರೆ ‘ಫ್ರಿಜ್ ಮೇಲೆ’ ಅಂದರೆ ಸಾಕು. ಮಾತಾಡದೆ ಸೌಟು ಕುಕ್ಕೋದೂ ಆರೋಪವೇ, ಇನ್ನೂ ಜೋರಿನದು! ಆಫೀಸಿನ ಆನ್‌ಕಾಲ್ ಸರದಿ ಇರೋ ವಾರ ಈ ಒಪ್ಪಂದಕ್ಕೆ ರಜೆ ಅಂತ ಮೊದಲೇ ಮಾತಾಡಿಕೊಳ್ಳಿ.