ಗೋಪ್ಯ ಪತ್ರವೊಂದರ ಕರಡು

ಮಡಿಕೇರಿ, ಜುಲೈ 9, 2024, ಮಂಗಳವಾರ

ಸೆಪ್ಟೆಂಬರ್ ತಿಂಗಳ ಪೂರಕ ಪರೀಕ್ಷೆಯ ಒಂದು ಪತ್ರಿಕೆಗೆ ಹೊರಗಿನ ವಿಷಯತಜ್ಞರನ್ನು ಆಹ್ವಾನಿಸುವ ಪತ್ರದ ಕರಡನ್ನು ಇಂದು ಮುಗಿಸಿದೆ. ವಿಷಯ ಯಾವುದು, ತಜ್ಞರು ಯಾವ ಊರಿನವರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಪ್ರಶ್ನೆಗಳಷ್ಟೇ ಅಲ್ಲ, ಅವರ ನೇಮಕವೂ ಗೋಪ್ಯವೇ. ಪತ್ರಿಕೆ ಯಾರದೆಂದು ತಿಳಿದರೆ ಅವರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ಅರ್ಧದಷ್ಟನ್ನು ಊಹಿಸಬಲ್ಲ ಜಾಣರು ಎಲ್ಲ ಕಾಲೇಜುಗಳಲ್ಲಿಯೂ ಇರುತ್ತಾರೆ.

ಗಡುವಿನ ವಿಚಾರದಲ್ಲಿ ಹೆಚ್ಚು ಹೊತ್ತು ಹಿಡಿಯಿತು. ಕೊಡಗಿಗೆ ರೈಲಿಲ್ಲ, ಅಂಚೆಯೆಲ್ಲ ರಸ್ತೆಯಲ್ಲೇ ಬರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಮಾರ್ಗ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ಲಕೋಟೆಯನ್ನು ಅಂಚೆಗೆ ಹಾಕುವ ದಿನವನ್ನಲ್ಲ, ಅದು ನಮ್ಮ ಕೈ ಸೇರುವ ದಿನವನ್ನೇ ಗಡುವಾಗಿ ಇಟ್ಟಿದ್ದೇನೆ:

“ತಮ್ಮ ಒಪ್ಪಿಗೆಯನ್ನು ಅಥವಾ ಅಸಮ್ಮತಿಯನ್ನು ಜುಲೈ 19ರೊಳಗೆ ತಿಳಿಸಬೇಕೆಂದೂ, ಪ್ರಶ್ನೆಪತ್ರಿಕೆಯ ಎರಡು ಪ್ರತ್ಯೇಕ ಮಾದರಿಗಳು ಮೌಲ್ಯಮಾಪನ ಸೂಚಿಯೊಡನೆ ಆಗಸ್ಟ್ 5ರೊಳಗೆ ಈ ಕಚೇರಿಯನ್ನು ತಲುಪುವಂತೆ ಕಳುಹಿಸಬೇಕೆಂದೂ ಕೋರುತ್ತೇನೆ.”

ಮೊದಲ ದಿನಾಂಕ ಔಪಚಾರಿಕವೆಂದು ಕಾಣಬಹುದು. ಆದರೆ ಒಪ್ಪಿಗೆಯೂ ಇಲ್ಲದೆ ನಿರಾಕರಣೆಯೂ ಇಲ್ಲದೆ ಮೌನವಾಗಿರುವವರಿಂದಲೇ ನಮಗೆ ತೊಂದರೆ: ಅಧ್ಯಯನ ಮಂಡಳಿಯ ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಬರೆಯುವ ಹೊತ್ತಿಗೆ ಅವಧಿ ಉಳಿದಿರುವುದಿಲ್ಲ. ಹಾಗಾಗಿ 19ರೊಳಗೆ ಉತ್ತರ ಬಾರದಿದ್ದಲ್ಲಿ ಆಹ್ವಾನ ತಾನಾಗಿಯೇ ರದ್ದಾಗುತ್ತದೆ ಎಂಬ ಒಂದು ವಾಕ್ಯವನ್ನೂ ಸೇರಿಸಿದೆ.

ಹತ್ತಿರದ ಬಂಧುಗಳಾರೂ ಈ ಪರೀಕ್ಷೆಗೆ ಕುಳಿತಿಲ್ಲವೆಂಬ ಘೋಷಣೆ, ಕರಡು ಹಾಳೆಗಳನ್ನು ನಾಶಪಡಿಸುವ ಒಪ್ಪಿಗೆ, ವಾಟ್ಸಾಪ್ ಮತ್ತು ಇಮೇಲ್ ಬಳಸಬಾರದೆಂಬ ನಿಬಂಧನೆ ಇವೆಲ್ಲ ಎಂದಿನಂತಿವೆ. ಲಕೋಟೆಯ ಸೂಚನೆಯನ್ನು ಮಾತ್ರ ನಮ್ಮ ಮಳೆಗಾಲಕ್ಕೆ ತಕ್ಕಂತೆ ವಿಸ್ತರಿಸಿದೆ. ಬರಿಯ ಗೋಂದು ಹಚ್ಚಿದ ಲಕೋಟೆಯ ಬಾಯಿ ಇಲ್ಲಿನ ತೇವಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ; ಆಮೇಲೆ ಅದು ಬಿಚ್ಚಿಕೊಂಡದ್ದೋ ಯಾರಾದರೂ ಬಿಚ್ಚಿದ್ದೋ ಎಂದು ಹೇಳಲಾಗದು. ಆದ್ದರಿಂದ ಒಳಗಿನದು ಬಟ್ಟೆ ಅಂಟಿಸಿದ ಲಕೋಟೆಯಾಗಿರಬೇಕು; ಅಂಚಿನ ಮೇಲೆ ಅಡ್ಡಲಾಗಿ ಸಹಿ ಮಾಡಿ, ಸಹಿಯ ಮೇಲೆ ಪಾರದರ್ಶಕ ಟೇಪು ಅಂಟಿಸಿ, ಎರಡೂ ತುದಿಗಳಿಗೆ ಅರಗಿನ ಮುದ್ರೆ ಒತ್ತಬೇಕು. ಯಾರಾದರೂ ತೆರೆದು ಮತ್ತೆ ಅಂಟಿಸಿದ್ದರೆ ಸಹಿಯ ಗೆರೆ ಕೂದಲೆಳೆಯಷ್ಟಾದರೂ ಜರುಗಿರುತ್ತದೆ, ಅರಗು ಬಿರುಕು ಬಿಟ್ಟಿರುತ್ತದೆ. ಹೊರ ಲಕೋಟೆಯಲ್ಲಿ ಪರೀಕ್ಷಾ ನಿಯಂತ್ರಕರ ಹೆಸರು ಮತ್ತು ವಿಳಾಸ ಮಾತ್ರ ಸಾಕು. ‘ಪ್ರಶ್ನೆಪತ್ರಿಕೆ’ ಎಂದು ಬರೆದು ದಾರಿಯುದ್ದಕ್ಕೂ ಸಾರಬಾರದು.

ಮುದ್ರೆ ಒಡೆದು ಬಂದರೆ ಆ ಮಾದರಿಗಳನ್ನು ಬಳಸುವುದಿಲ್ಲ, ಸಂಭಾವನೆಗೆ ಅದರಿಂದ ಬಾಧೆಯಿಲ್ಲ ಎಂದೂ ಬರೆದಿದ್ದೇನೆ. ದಾರಿಯಲ್ಲಿ ಆದದ್ದಕ್ಕೆ ತಜ್ಞರನ್ನು ಹೊಣೆ ಮಾಡುವುದು ನ್ಯಾಯವಲ್ಲ.

ನಾಳೆ ಪ್ರಾಂಶುಪಾಲರ ಸಹಿಯಾದ ಬಳಿಕ ಪತ್ರವನ್ನು ಸಾಮಾನ್ಯ ರವಾನೆ ವಹಿಯಲ್ಲಿ ದಾಖಲಿಸದೆ, ಗೋಪ್ಯ ವಹಿಯಲ್ಲಿ ಸಂಖ್ಯೆಯನ್ನಷ್ಟೇ ನಮೂದಿಸಿ, ನಾನೇ ಅಂಚೆ ಕಚೇರಿಗೆ ಒಯ್ಯುವವನಿದ್ದೇನೆ.