ಮೋಟರ್ ಬೋರ್ಡ್, ಮುಂದಿನ ಕಂತು: ಬೋರ್ಡ್ ಕರೆ ಮಾಡುತ್ತೆ, ಫೋನ್ ಬಾಯಿ ಬಿಡಲ್ಲ

ಬೋರ್ಡ್ ಕಟ್ಟಿದ ಕಥೆ ಬಿಡೋಣ. SIM800L, ಎರಡು ಆಂಪಿಯರ್ ಎಳೆತ ತಡೆಯುವ ಪವರ್ ಸಪ್ಲೈ, ಮೂರೂ ಫೇಸ್ ಬಂತಾ ಎಂದು ನೋಡುವ ಆಪ್ಟೊಕಪ್ಲರ್‌ಗಳು. ಇವೆಲ್ಲ ನಿಮಗೆ ಗೊತ್ತಿರುವುದೇ. ಕುಷ್ಟಗಿ ಕಡೆಯ ನಮ್ಮ ದಾಳಿಂಬೆ ತೋಟದಲ್ಲಿ ತ್ರೀಫೇಸ್ ಬಂದ ಕೂಡಲೇ ಅದು ನನಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಕೆಲಸ ಅಷ್ಟೇ.

```
ATD+91XXXXXXXXXX;
```

ಆಟೋ ಸ್ಟಾರ್ಟರ್ ಹಾಕಿದ್ರೆ ಮುಗೀತಲ್ವಾ ಎಂದು ಕೇಳುವವರಿಗೆ ಈಗಲೇ ಉತ್ತರ ಹೇಳಿಬಿಡ್ತೀನಿ. ನಮ್ಮ ಬೋರಿನಲ್ಲಿ ಎರಡು ಕಡೆಗೂ ಒಟ್ಟಿಗೆ ಬಿಡುವಷ್ಟು ನೀರಿಲ್ಲ. ಹೋಗಿ ಗೇಟ್ ವಾಲ್ವ್ ತಿರುಗಿಸಬೇಕು. ಮೋಟರ್ ತಾನೇ ಚಾಲೂ ಆದರೆ ಒಂದೇ ಕಡೆ ನೀರು ಹರೀತಾ ಇರುತ್ತೆ, ಇನ್ನೊಂದು ಕಡೆಯ ಗಿಡ ಬಾಯಿ ಬಿಡುತ್ತವೆ.

ಕರೆಂಟ್ ಪಾಳಿ ರಾತ್ರಿಗೆ ಬಿದ್ದಾಗ ಗೋಳು ಶುರು. ರಾತ್ರಿ ಫೋನ್ ಪೂರ್ತಿ ತೆರೆದಿಟ್ಟರೆ ಹಳೇ ಶಾಲಾ ಗ್ರೂಪಿನ ಗುಡ್ ನೈಟ್ ಹೂವುಗಳು ನಿದ್ದೆ ಕೆಡಿಸುತ್ತವೆ. ಅದಕ್ಕೇ ಹತ್ತರಿಂದ ಐದರವರೆಗೆ ಡು ನಾಟ್ ಡಿಸ್ಟರ್ಬ್ ವೇಳಾಪಟ್ಟಿ ಇದೆ. ಕರೆಗಳಲ್ಲಿ ನಕ್ಷತ್ರ ಹಾಕಿದ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಅವಕಾಶ. ಬೋರ್ಡಿನ ಸಿಮ್ ನಂಬರನ್ನು ‘ತೋಟದ ಮೋಟರ್’ ಎಂದು ಸೇವ್ ಮಾಡಿ ನಕ್ಷತ್ರ ಹಾಕಿದೆ. ಮಧ್ಯಾಹ್ನ ಡಿಎನ್‌ಡಿ ಆನ್ ಮಾಡಿ ಬೋರ್ಡಿನಿಂದ ಕರೆ ಮಾಡಿಸಿದೆ. ಮನೆ ಹಾರಿಹೋಗುವ ಹಾಗೆ ರಿಂಗ್ ಆಯ್ತು. ಇನ್ನೇನು ಬೇಕು?

ಬೆಳಗ್ಗೆ ಅಪ್ಪ ಕೇಳಿದ್ದು ಹೀಗೆ: "ನಿನ್ನ ಫೋನ್ ಸತ್ತೈತೇನಪ್ಪಾ? ಕರೆಂಟ್ ಬಂದು ಹೋಗೇತಿ."

ಕರೆಗಳ ಪಟ್ಟಿಯಲ್ಲಿ ‘ತೋಟದ ಮೋಟರ್’ ಕೆಂಪಗೆ ಕೂತಿತ್ತು, ರಾತ್ರಿ 2:14ಕ್ಕೆ. ಇದು ದೊಡ್ಡ ಸುಳಿವು. ಕರೆ ಫೋನಿನ ತನಕ ಬಂದಿದೆ ಅಂದ್ರೆ ಬೋರ್ಡ್, ಸಿಮ್, ಟವರ್ ಮೂರೂ ಸರಿ. ಫೋನೇ ಬೇಕಂತ ಸುಮ್ಮನಿದೆ. ಇದು ತಿಳಿಯದಿದ್ದರೆ ನಾನು ಇನ್ನೂ ಕೆಪಾಸಿಟರ್ ಬದಲಿಸ್ತಾ ಕೂತಿರುತ್ತಿದ್ದೆ.

ಕೆಪಾಸಿಟರ್ ಅಂದಾಗ ನೆನಪಾಯ್ತು. ಆನ್‌ಲೈನ್ ಅಂಗಡಿಯೊಂದು ಮಾಡ್ಯೂಲ್ ಕಳಿಸಿತು, ಆಂಟೆನಾ ಕಳಿಸಲಿಲ್ಲ. ಕೇಳಿದರೆ "ಫೋಟೋದಲ್ಲಿ ಇರೋದು ಬರೀ ಉದಾಹರಣೆಗೆ ಸರ್" ಅಂದರು. ಹಂಗಾದ್ರೆ ನಾನು ಕೊಟ್ಟ ದುಡ್ಡೂ ಉದಾಹರಣೆಗೇ ಅಂದುಕೊಳ್ಳಲಿ.

ಸರಿ, ವಿಷಯಕ್ಕೆ ಬರೋಣ. ಹಗಲು ಕೆಲಸ ಮಾಡಿದ್ದು ರಾತ್ರಿ ಯಾಕೆ ಮಾಡಲ್ಲ? ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸ ಒಂದೇ. ಹಗಲು ಡಿಎನ್‌ಡಿ ಆನ್ ಮಾಡಿದ್ದು ನಾನು, ರಾತ್ರಿ ಮಾಡಿದ್ದು ವೇಳಾಪಟ್ಟಿ. ಹಾಗಾಗಿ ರಾತ್ರಿಯನ್ನೇ ಮಧ್ಯಾಹ್ನಕ್ಕೆ ಎಳೆದು ತಂದೆ. ಗಡಿಯಾರ ಮುಟ್ಟಲಿಲ್ಲ, ವೇಳಾಪಟ್ಟಿಯ ಶುರುವಿನ ಸಮಯವನ್ನು ಮೂರು ಗಂಟೆಗೆ ಬದಲಿಸಿದೆ, ಅಷ್ಟೇ. ಕರೆ ಮಾಡಿಸಿದೆ. ರಿಂಗ್ ಆಯ್ತು! ಇದು ನಿಜಕ್ಕೂ ತಲೆ ಕೆಡಿಸುವ ಫಲಿತಾಂಶ.

ಆಮೇಲೆ ಡಿಎನ್‌ಡಿಯ ವೇಳಾಪಟ್ಟಿಗಳ ಪಟ್ಟಿಯನ್ನು ಕೊನೆವರೆಗೂ ಎಳೆದು ನೋಡಿದೆ. ನನ್ನದರ ಕೆಳಗೆ ಇನ್ನೊಂದು: ‘ಬೆಡ್‌ಟೈಮ್’. ಅದು ಡಿಜಿಟಲ್ ವೆಲ್‌ಬೀಯಿಂಗ್ ಕಡೆಯಿಂದ ಬಂದದ್ದು. ಫೋನ್ ಹೊಸದಾಗಿದ್ದಾಗ ನಮ್ಮ ತಂಗಿಯ ಮಗ "ಮಾಮಾ, ರಾತ್ರಿ ಸ್ಕ್ರೀನ್ ಕಪ್ಪು ಬಿಳುಪು ಆಗತೈತಿ ನೋಡು" ಎಂದು ಹಚ್ಚಿಕೊಟ್ಟಿದ್ದ. ಹತ್ತೂವರೆಯಿಂದ ಆರರವರೆಗೆ ಅದೂ ಡಿಎನ್‌ಡಿ ಹಾಕುತ್ತದೆ. ಅದಕ್ಕೆ ತನ್ನದೇ ನಿಯಮ ಬೇರೆ ಇತ್ತು: ಕರೆ ಯಾರದ್ದೂ ಬೇಡ, ಅಲಾರಂ ಮಾತ್ರ ಬರಲಿ.

ಅದನ್ನೂ ಮೂರು ಗಂಟೆಗೆ ಎಳೆದೆ. ಈಗ ಎರಡೂ ಒಟ್ಟಿಗೆ ಆನ್. ಕರೆ ಮಾಡಿಸಿದರೆ ಮೌನ. ಬೆಡ್‌ಟೈಮ್ ಆಫ್ ಮಾಡಿದರೆ ರಿಂಗ್. ಮತ್ತೆ ಆನ್, ಮತ್ತೆ ಮೌನ. ಸಿಕ್ಕಿಬಿತ್ತು.

ಒಳಗೆ ಏನಾಗ್ತಿದೆ ನೋಡಲು ಫೋನನ್ನು ಲ್ಯಾಪ್‌ಟಾಪ್‌ಗೆ ಹಚ್ಚಿ ಇದನ್ನು ಕೊಡಿ:

```
adb shell settings get global zen_mode
adb shell dumpsys notification | grep -i consolidated
```

ಮೊದಲ ಸಾಲು 1 ಅಂದರೆ ಆಯ್ದವರಿಗೆ ಮಾತ್ರ ಅವಕಾಶ, 2 ಅಂದರೆ ಪೂರ್ತಿ ಮೌನ, 3 ಅಂದರೆ ಅಲಾರಂ ಮಾತ್ರ, 0 ಅಂದರೆ ಡಿಎನ್‌ಡಿ ಇಲ್ಲ. ನನಗೆ ಯಾವಾಗಲೂ 1 ಬರುತ್ತಿತ್ತು. ಇದೊಂದನ್ನೇ ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತೆ. ಮಜಾ ಇರೋದು ಎರಡನೆಯದರಲ್ಲಿ. ಆಗ ಆನ್ ಇರುವ ನಿಯಮಗಳನ್ನೆಲ್ಲ ಕೂಡಿಸಿ ಆಂಡ್ರಾಯ್ಡ್ ಮಾಡಿಕೊಂಡ ಕೊನೆಯ ತೀರ್ಮಾನ ಅದು. ನನ್ನ ವೇಳಾಪಟ್ಟಿ ಒಂದೇ ಇದ್ದಾಗ ಅದರಲ್ಲಿ PRIORITY_CATEGORY_CALLS ಕಾಣುತ್ತಿತ್ತು. ಬೆಡ್‌ಟೈಮ್ ಸೇರಿದ ಕೂಡಲೇ ಆ ಪದವೇ ಮಾಯ.

ಅಂದರೆ ಎರಡು ನಿಯಮ ಒಟ್ಟಿಗೆ ಓಡುವಾಗ ಜಾಸ್ತಿ ಬಿಗಿ ಇರುವುದೇ ಗೆಲ್ಲುತ್ತದೆ. ಒಬ್ಬ ಬಾ ಅಂದು, ಇನ್ನೊಬ್ಬ ಬೇಡ ಅಂದರೆ, ಬೇಡ ಅಂದವನ ಮಾತೇ ನಡೆಯುವುದು. ನಕ್ಷತ್ರ ಎಷ್ಟು ಹಾಕಿದರೂ ಅಷ್ಟೇ. ನಾನು ಬರೆದವನಾಗಿದ್ದರೂ ಹೀಗೇ ಬರೆಯುತ್ತಿದ್ದೆ, ಅದು ಬೇರೆ ಮಾತು. ಆದರೆ ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಸಾಲು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಬೆಡ್‌ಟೈಮ್‌ನಲ್ಲಿ ಕಪ್ಪು ಬಿಳುಪು ಉಳಿಸಿ, ಡಿಎನ್‌ಡಿ ಒಂದನ್ನು ತೆಗೆದೆ. ನಿಮ್ಮ ಫೋನಿನಲ್ಲಿ ಮೆನು ಹೆಸರು ಬೇರೆ ಇರಬಹುದು. ಹೆಸರು ಏನೇ ಇರಲಿ, ಎಲ್ಲ ವೇಳಾಪಟ್ಟಿಗಳನ್ನೂ ಒಮ್ಮೆ ತೆರೆದು ಒಳಗೆ ಏನಿದೆ ನೋಡಿ.

‘ಮತ್ತೆ ಮತ್ತೆ ಕರೆ ಮಾಡುವವರು’ ಎಂಬ ಆಯ್ಕೆಯನ್ನು ಆಫ್ ಮಾಡಿಟ್ಟಿದ್ದೇನೆ. ಅದು ಆನ್ ಇದ್ದರೆ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಕರೆ ಬಂದಾಗ ಬಾಗಿಲು ತೆರೆಯುತ್ತದೆ. ನಮ್ಮ ದೊಡ್ಡಪ್ಪನಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಹನ್ನೊಂದಕ್ಕೆ ಎರಡು ಸಲ ಹೊಡೆದು "ಮಲಗೀಯೇನು?" ಅಂತ ಕೇಳ್ತಾರೆ.

ಇನ್ನೊಂದು ಬಾಲ ಉಳಿದಿತ್ತು. ಡಿಎನ್‌ಡಿ ನಿರ್ಧರಿಸುವುದು ಯಾರನ್ನು ಒಳಗೆ ಬಿಡಬೇಕು ಎಂಬುದನ್ನು ಮಾತ್ರ. ಸದ್ದು ಎಷ್ಟು ಎಂಬುದು ಅದರ ಕೆಲಸ ಅಲ್ಲ. ಸಂಜೆ ಮೀಟಿಂಗಿಗೆ ಫೋನ್ ವೈಬ್ರೇಟ್‌ಗೆ ಹಾಕಿ ಹಾಗೇ ಮಲಗಿದರೆ, ನಕ್ಷತ್ರದ ಕರೆಯೂ ಬರೀ ಗುಂಯ್ ಅನ್ನುತ್ತದೆ. ಅದಕ್ಕೆ ಮ್ಯಾಕ್ರೋಡ್ರಾಯ್ಡ್‌ನಲ್ಲಿ ಒಂದು ಮ್ಯಾಕ್ರೋ: ರಾತ್ರಿ ಹತ್ತಕ್ಕೆ ಐದು ನಿಮಿಷ ಇರುವಾಗ ರಿಂಗರ್ ನಾರ್ಮಲ್, ವಾಲ್ಯೂಮ್ ಪೂರ್ತಿ. ಉಳಿದವರನ್ನೆಲ್ಲ ಡಿಎನ್‌ಡಿ ಹೊರಗೇ ನಿಲ್ಲಿಸುವುದರಿಂದ ವಾಲ್ಯೂಮ್ ಪೂರ್ತಿ ಇದ್ದರೂ ಹೆದರಿಕೆ ಇಲ್ಲ. ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯ್ತಿ ಕೊಡಿ, ಇಲ್ಲದಿದ್ದರೆ ಕೆಲವು ಫೋನುಗಳು ಹಿನ್ನೆಲೆಯಲ್ಲಿ ಅದರ ಕತ್ತು ಹಿಚುಕುತ್ತವೆ.

ಮುಂದಿನ ಕೆಲಸ ಟ್ಯಾಂಕಿನದು. JSN-SR04T ಸೆನ್ಸರ್ ತಂದಿಟ್ಟಿದ್ದೇನೆ. ನೀರಿನ ಮಟ್ಟ ಇಳಿದರೆ ಎಸ್‌ಎಂಎಸ್. ಆದರೆ ಆ ಮೆಸೇಜು ರಾತ್ರಿ ಒಳಗೆ ಬರಬಾರದು. ಡಿಎನ್‌ಡಿಯಲ್ಲಿ ಕರೆಗೂ ಮೆಸೇಜಿಗೂ ಬೇರೆ ಬೇರೆ ಅನುಮತಿ ಇರುವುದರಿಂದ ಒಂದೇ ಸಿಮ್ ಸಾಕು: ಎಬ್ಬಿಸಬೇಕಾದ್ದಕ್ಕೆ ಕರೆ, ಬೆಳಗ್ಗೆ ನೋಡಿದರೂ ನಡೆಯುವುದಕ್ಕೆ ಮೆಸೇಜು.

ನಾನು ಊರಲ್ಲಿ ಇಲ್ಲದಾಗ ವಾಲ್ವ್ ತಿರುಗಿಸೋದು ಪಕ್ಕದ ಹೊಲದ ಅಣ್ಣ. ಅವರದ್ದು ಐಫೋನ್. ಅಲ್ಲಿ ದಾರಿ ಸಲೀಸು: ಕಾಂಟ್ಯಾಕ್ಟ್ ಎಡಿಟ್ ಮಾಡಿ, ರಿಂಗ್‌ಟೋನ್ ಒಳಗೆ ಹೋಗಿ, ಮೇಲಿರುವ ಎಮರ್ಜೆನ್ಸಿ ಬೈಪಾಸ್ ಆನ್ ಮಾಡಿದರೆ ಆಯ್ತು. ಫೋಕಸ್ ಇದ್ದರೂ, ಫೋನ್ ಸೈಲೆಂಟ್ ಇದ್ದರೂ ಆ ಒಂದು ನಂಬರ್ ಸದ್ದು ಮಾಡುತ್ತದೆ. ಬೋರ್ಡಿನಲ್ಲಿ ಎರಡನೇ ನಂಬರ್ ಸೇರಿಸಬೇಕು. ನಾನು ಕರೆ ಕಟ್ ಮಾಡಿದರೆ ಅವರಿಗೆ ಹೋಗಬಾರದು, ಎತ್ತದಿದ್ದರೆ ಮಾತ್ರ ಹೋಗಬೇಕು. ಕಟ್ ಮಾಡಿದಾಗ SIM800L `BUSY` ಅನ್ನುತ್ತಾ `NO ANSWER` ಅನ್ನುತ್ತಾ ಎಂದು ನಮ್ಮ ಸಿಮ್ ಮೇಲೆ ಪರೀಕ್ಷೆ ಮಾಡಿ ಕೋಡ್ ಹಾಕ್ತೀನಿ.