ಸಾಲವೋ ಷೇರೋ: ಇಂಡಿಫರೆನ್ಸ್ ಪಾಯಿಂಟ್ ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

"ಸರ್, ಫ್ಯಾಕ್ಟರಿ ದೊಡ್ಡದು ಮಾಡೋಕೆ ಬ್ಯಾಂಕ್ ಸಾಲ ತಗೋಬೇಕಾ, ಹೊಸ ಷೇರು ಕೊಡಬೇಕಾ? ಇಂಡಿಫರೆನ್ಸ್ ಪಾಯಿಂಟ್ ದಾಟಿದ್ರೆ ಸಾಲವೇ ಸರಿ ಅಂತಾರಲ್ಲ, ಅಷ್ಟೇನಾ?"

ಅಷ್ಟೇ ಅಲ್ಲ. ಆದರೆ ಶುರು ಮಾಡಬೇಕಾದದ್ದು ಅಲ್ಲಿಂದಲೇ. ಒಂದು ಲೆಕ್ಕ ಹಿಡಿದುಕೊಂಡೇ ಮಾತಾಡೋಣ.

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಸಾಲ ಇಲ್ಲ. 20 ಲಕ್ಷ ಷೇರುಗಳಿವೆ. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಗಳಿಕೆ, ಅಂದರೆ ಇಬಿಐಟಿ, ಈಗ ವರ್ಷಕ್ಕೆ 180 ಲಕ್ಷ ರೂಪಾಯಿ. ಹೊಸ ಮಷಿನ್‌ಗಳಿಗೆ 4 ಕೋಟಿ ಬೇಕು. ಅವು ಬಂದ ಮೇಲೆ ಇಬಿಐಟಿ 260 ಲಕ್ಷಕ್ಕೆ ಏರುತ್ತದೆ ಅನ್ನುವುದು ಮಾಲೀಕರ ಅಂದಾಜು.

ದಾರಿ ಎರಡು. ಒಂದು, ತಲಾ 80 ರೂಪಾಯಿಗೆ 5 ಲಕ್ಷ ಹೊಸ ಷೇರು ಕೊಡುವುದು. ಇನ್ನೊಂದು, ಶೇ 11ರ ಬಡ್ಡಿಗೆ ಟರ್ಮ್ ಲೋನ್ ತೆಗೆದುಕೊಳ್ಳುವುದು. ಆಗ ವರ್ಷದ ಬಡ್ಡಿ 44 ಲಕ್ಷ. ತೆರಿಗೆ ಶೇ 25 ಅಂತ ಇಟ್ಟುಕೊಳ್ಳೋಣ. ವಿನಾಯಿತಿಗಳನ್ನು ಬಿಟ್ಟು ಕಡಿಮೆ ತೆರಿಗೆ ದರ ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ.

ಯಾವ ಇಬಿಐಟಿಯಲ್ಲಿ ಎರಡೂ ದಾರಿಯ ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್, ಒಂದೇ ಆಗುತ್ತದೋ ಅದೇ ನಮ್ಮ ಪಾಯಿಂಟ್. ಲಕ್ಷಗಳಲ್ಲಿ ಬರೆದರೆ ಹೀಗೆ:

```
EBIT × 0.75 / 25 = (EBIT − 44) × 0.75 / 20
EBIT = 220
```

0.75 ಎರಡೂ ಕಡೆ ಇದೆ, ಹಾಗಾಗಿ ಹೊಡೆದುಹೋಗುತ್ತದೆ. ಅಂದರೆ ತೆರಿಗೆ ದರ ಎಷ್ಟಿದ್ದರೂ ಈ ಪಾಯಿಂಟ್ ಕದಲುವುದಿಲ್ಲ. ಇದನ್ನು ಗಮನಿಸಿದರೆ ಸೂತ್ರ ಉರುಹೊಡೆಯುವ ಕೆಲಸವೇ ಇಲ್ಲ. ಹೊಸ ಷೇರುದಾರರು 25ರಲ್ಲಿ 5 ಪಾಲಿನವರು, ಅಂದರೆ ಗಳಿಕೆಯ ಐದನೇ ಒಂದು ಭಾಗ ಅವರದ್ದು. ಬ್ಯಾಂಕಿನವರು ಕೇಳುವುದು 44 ಲಕ್ಷ. ಐದನೇ ಒಂದು ಭಾಗ 44 ಲಕ್ಷ ಆಗುವುದು ಯಾವಾಗ? ಒಟ್ಟು 220 ಲಕ್ಷ ಆದಾಗ. ಅದಕ್ಕಿಂತ ಜಾಸ್ತಿ ಗಳಿಸಿದರೆ ಹೊಸ ಪಾಲುದಾರರಿಗೆ ಹೋಗುವ ಪಾಲು ಬಡ್ಡಿಗಿಂತ ದುಬಾರಿ. ಕಡಿಮೆ ಗಳಿಸಿದರೆ ಬಡ್ಡಿಯೇ ದುಬಾರಿ.

260 ಲಕ್ಷದಲ್ಲಿ ನೋಡಿ: ಷೇರು ಕೊಟ್ಟರೆ ಇಪಿಎಸ್ 7.80, ಸಾಲ ಮಾಡಿದರೆ 8.10. 180ರಲ್ಲೇ ನಿಂತುಹೋದರೆ ಷೇರಿನ ದಾರಿಯಲ್ಲಿ 5.40, ಸಾಲದ ದಾರಿಯಲ್ಲಿ 5.10.

ಪರೀಕ್ಷೆಗೆ ಓದುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಂಪನಿಗೆ ಹಳೆಯ ಸಾಲ ಇದ್ದರೆ ಅದರ ಬಡ್ಡಿಯನ್ನು ಎರಡೂ ಕಡೆ ಕಳೆಯಬೇಕು. ಷೇರಿನ ಕಡೆ ಕಳೆಯುವುದನ್ನು ಬಹಳ ಜನ ಮರೆಯುತ್ತಾರೆ. ಹಾಗೆಯೇ 4 ಕೋಟಿಯನ್ನು ಭಾಗಿಸಬೇಕಾದ್ದು ಷೇರು ಮಾರುವ ಬೆಲೆಯಿಂದ, 10 ರೂಪಾಯಿಯ ಮುಖಬೆಲೆಯಿಂದಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. 220ರಲ್ಲಿ ಎರಡೂ ದಾರಿಯ ಇಪಿಎಸ್ 6.60. ಇವತ್ತು, ಏನೂ ಮಾಡದೆ ಇರುವಾಗ, ಇಪಿಎಸ್ ಎಷ್ಟು? 180 ಲಕ್ಷದಲ್ಲಿ ತೆರಿಗೆ ಕಳೆದು 20 ಲಕ್ಷ ಷೇರಿಗೆ ಹಂಚಿದರೆ 6.75. ಅಂದರೆ ಪಾಯಿಂಟ್ ಮುಟ್ಟಿದರೂ ಷೇರುದಾರರು ಇವತ್ತಿಗಿಂತ ಹಿಂದೆಯೇ ಇರುತ್ತಾರೆ! ಸಾಲದ ದಾರಿಯಲ್ಲಿ ಇವತ್ತಿನ ಮಟ್ಟಕ್ಕೆ ಮರಳಲು ಇಬಿಐಟಿ 224 ಲಕ್ಷ ಆಗಬೇಕು, ಷೇರಿನ ದಾರಿಯಲ್ಲಿ 225. ಈ ಪಾಯಿಂಟ್ ಹೋಲಿಸುವುದು ದುಡ್ಡು ತರುವ ಎರಡು ದಾರಿಗಳನ್ನು ಮಾತ್ರ. ವಿಸ್ತರಣೆಯೇ ಬೇಕಾ ಬೇಡವಾ ಅನ್ನುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಬೇರೆ ಲೆಕ್ಕ ಹಾಕಬೇಕು, ಅದನ್ನು ಮೊದಲೇ ಹಾಕಿರಬೇಕು.

ಇನ್ನೊಂದು, 220 ಅನ್ನುವ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ನೋಡಬೇಡಿ. ಅದು ನಿಂತಿರುವುದು 80 ರೂಪಾಯಿ ಬೆಲೆಯ ಮೇಲೆ. ಅದೇ ಷೇರಿಗೆ 100 ರೂಪಾಯಿ ಸಿಗುತ್ತದೆ ಅಂದರೆ ಹೊಸ ಷೇರು 4 ಲಕ್ಷ ಸಾಕು. ಅವರ ಪಾಲು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಪಾಯಿಂಟ್ 264ಕ್ಕೆ ಏರುತ್ತದೆ. ಮಾಲೀಕರ ಅಂದಾಜು 260 ತಾನೇ? ಈಗ ಉತ್ತರವೇ ತಿರುಗಿಬಿತ್ತು, ಷೇರು ಕೊಡುವುದೇ ಲೇಸು ಅಂತ ಆಯಿತು. ಬಡ್ಡಿ ಶೇ 12 ಆದರೆ 80ರ ಬೆಲೆಯಲ್ಲೇ ಪಾಯಿಂಟ್ 240ಕ್ಕೆ ಹೋಗುತ್ತದೆ. ಷೇರುಪೇಟೆಯ ಪಟ್ಟಿಯಲ್ಲಿ ಇಲ್ಲದ ಕಂಪನಿಯಲ್ಲಿ ಷೇರಿನ ಬೆಲೆ ಅನ್ನುವುದು ಮಾತುಕತೆಯಲ್ಲಿ ತೀರ್ಮಾನವಾಗುವುದೇ ಜಾಸ್ತಿ. ಹಾಗಾಗಿ ನನ್ನ ಹತ್ತಿರ ಒಂದೇ ಪಾಯಿಂಟ್ ತಂದವರಿಗೆ ನಾನು ಮೊದಲು ಕೇಳುವುದು, ಆ ಬೆಲೆ ಯಾರು ಹೇಳಿದ್ದು ಅಂತ.

ಬೆಲೆ 80 ಅಂತಲೇ ಗಟ್ಟಿಯಾಯಿತು ಅನ್ನಿ. ಅಂದಾಜು 260, ಪಾಯಿಂಟ್ 220. ನಡುವೆ 40 ಲಕ್ಷದ ಜಾಗ ಇದೆ, ಸಾಕಲ್ವಾ? ಸಾಕೋ ಇಲ್ಲವೋ ಅನ್ನುವುದು ಸ್ಥಿರ ಖರ್ಚು ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಸರಕು, ಕರೆಂಟು ಮುಂತಾದ ಬದಲಾಗುವ ಖರ್ಚು ಕಳೆದು 520 ಲಕ್ಷ ಉಳಿಯುತ್ತದೆ, ಅದರಲ್ಲಿ ಬಾಡಿಗೆ, ಸಂಬಳ, ಡಿಪ್ರಿಸಿಯೇಷನ್ ಅಂತ ಸ್ಥಿರ ಖರ್ಚು 260 ಲಕ್ಷ ಅಂದುಕೊಳ್ಳಿ. ಆಗ 40 ಲಕ್ಷ ಕರಗಲು ಮಾರಾಟ ಶೇ 8ರಷ್ಟೂ ಬೀಳಬೇಕಾಗಿಲ್ಲ. ಒಂದೆರಡು ದೊಡ್ಡ ಗಿರಾಕಿಗಳನ್ನೇ ನಂಬಿರುವ ಬಿಡಿಭಾಗದ ಕಂಪನಿಗೆ ಅಷ್ಟು ಆರ್ಡರ್ ಇಳಿಯುವುದು ದೊಡ್ಡ ಸಂಗತಿಯೇನಲ್ಲ.

ಇಪಿಎಸ್‌ಗೆ ಕಾಣದೇ ಇರುವ ಒಂದು ಖರ್ಚೂ ಇದೆ: ಅಸಲು. ಐದು ವರ್ಷದ ಸಾಲ ಅಂದರೆ ವರ್ಷಕ್ಕೆ 80 ಲಕ್ಷ ಅಸಲು ಕಟ್ಟಬೇಕು. ಅದು ಲಾಭ ನಷ್ಟದ ಪಟ್ಟಿಗೆ ಬರುವುದೇ ಇಲ್ಲ, ತೆರಿಗೆ ಕಟ್ಟಿದ ಮೇಲಿನ ದುಡ್ಡಿನಿಂದ ಹೋಗುತ್ತದೆ. ಮೊದಲ ವರ್ಷವೇ ಕೆಟ್ಟದಾಗಿ ಇಬಿಐಟಿ 120ಕ್ಕೆ ಕುಸಿದರೆ ಏನಾಗುತ್ತದೆ ನೋಡಿ. ಬಡ್ಡಿ, ತೆರಿಗೆ ಕಳೆದು ಉಳಿಯುವುದು 57 ಲಕ್ಷ. ಡಿಪ್ರಿಸಿಯೇಷನ್ 60 ಲಕ್ಷ ಇದ್ದರೆ ಅದು ಕೈಬಿಟ್ಟು ಹೋದ ದುಡ್ಡಲ್ಲ, ಹಾಗಾಗಿ ಒಟ್ಟು 117. ಅದರಲ್ಲಿ 80 ಅಸಲಿಗೆ. ಉಳಿದ 37 ಲಕ್ಷದಲ್ಲಿ ವರ್ಕಿಂಗ್ ಕ್ಯಾಪಿಟಲ್‌ನಿಂದ ಹಿಡಿದು ಡಿವಿಡೆಂಡ್‌ವರೆಗೆ ಎಲ್ಲವೂ ಆಗಬೇಕು. ಬ್ಯಾಂಕಿನವರು ನೋಡುವ ಡಿಎಸ್‌ಸಿಆರ್, ಅಂದರೆ ಬಡ್ಡಿ ಮತ್ತು ಅಸಲನ್ನು ಬಡ್ಡಿ ಕಟ್ಟುವ ಮುಂಚಿನ ನಗದು ಎಷ್ಟು ಪಟ್ಟು ತುಂಬಿಸುತ್ತದೆ ಅನ್ನುವುದು, ಆಗ 1.3. ಸಾಮಾನ್ಯವಾಗಿ ಅವರು ಬಯಸುವುದು 1.5ರ ಸುತ್ತಮುತ್ತ.

ಅರ್ಧ ಸಾಲ, ಅರ್ಧ ಷೇರು ಮಾಡಿದರೆ? ಇದನ್ನು ಕೇಳುವವರು ಕಡಿಮೆ, ನನಗೆ ಇಷ್ಟವಾದ ಭಾಗವೂ ಇದೇ. 2 ಕೋಟಿ ಸಾಲ, 2.5 ಲಕ್ಷ ಷೇರು ಅಂದರೆ ಬಡ್ಡಿ 22 ಲಕ್ಷ, ಷೇರು 22.5 ಲಕ್ಷ. 220 ಲಕ್ಷದಲ್ಲಿ ಇಪಿಎಸ್ ಮತ್ತೆ 6.60 ಬರುತ್ತದೆ! ಬೆಲೆಯೂ ಬಡ್ಡಿ ದರವೂ ಬದಲಾಗದಿದ್ದರೆ ಯಾವ ಪ್ರಮಾಣದಲ್ಲಿ ಬೆರೆಸಿದರೂ ಇಬಿಐಟಿ ಎದುರು ಇಪಿಎಸ್ ಎಳೆದ ಗೆರೆ ಅದೇ ಚುಕ್ಕೆಯ ಮೂಲಕ ಹಾದುಹೋಗುತ್ತದೆ. ಹಾಗಾಗಿ ಎಷ್ಟು ಸಾಲ, ಎಷ್ಟು ಷೇರು ಅನ್ನುವುದನ್ನು ಈ ಪಾಯಿಂಟ್ ನಿಮಗೆ ಹೇಳಲಾರದು. ಅದನ್ನು ಹೇಳುವುದು ಕೆಟ್ಟ ವರ್ಷದ ನಗದು. ಅರ್ಧ ಅರ್ಧ ಮಾಡಿದರೆ 260ರಲ್ಲಿ ಇಪಿಎಸ್ 7.93, ಪೂರ್ತಿ ಸಾಲಕ್ಕಿಂತ 17 ಪೈಸೆ ಕಡಿಮೆ. ಆದರೆ ಇಬಿಐಟಿ 120ಕ್ಕೆ ಬಿದ್ದ ವರ್ಷ ಡಿಎಸ್‌ಸಿಆರ್ 1.3ರ ಬದಲು 2.5 ಇರುತ್ತದೆ. ಈ ಕಂಪನಿ ನನ್ನದಾಗಿದ್ದರೆ ಆ 17 ಪೈಸೆ ಬಿಟ್ಟುಕೊಡುತ್ತಿದ್ದೆ.